ಕಾಫಿ ಹಣ ಕೈಸೇರುವ ಮುನ್ನ ಗಂಡನಿಗೆ ಬರೆಯಬೇಕಾದ ಪತ್ರ: ಜೂಜಿನ ನಷ್ಟ ಮತ್ತು ಮನೆಯ ಹಣಕ್ಕೊಂದು ಜಂಟಿ ಯೋಜನೆ

ಕೊಡಗಿನ ಸಣ್ಣ ಬೆಳೆಗಾರರ ಮನೆಗೆ ಹಣ ತಿಂಗಳು ತಿಂಗಳು ಬರುವುದಿಲ್ಲ. ಅರೇಬಿಕಾ ಇದ್ದವರಿಗೆ ನವೆಂಬರ್‌ನಿಂದ, ರೋಬಸ್ಟಾ ಇದ್ದವರಿಗೆ ಜನವರಿಯಿಂದ ಕೊಯ್ಲು ಆರಂಭವಾಗುತ್ತದೆ. ಅದರ ಬೆನ್ನಿಗೆ ಕರಿಮೆಣಸು ಬರುತ್ತದೆ. ಏಪ್ರಿಲ್ ಹೊತ್ತಿಗೆ ವರ್ಷದ ಆದಾಯವೆಲ್ಲ ಒಂದೇ ಗಂಟಾಗಿ, ಹೆಚ್ಚಿನ ಮನೆಗಳಲ್ಲಿ ಒಬ್ಬರೇ ನಡೆಸುವ ಒಂದೇ ಖಾತೆಯಲ್ಲಿ ಬಂದು ಕೂತಿರುತ್ತದೆ. ಐಪಿಎಲ್ ಪಂದ್ಯಗಳು ನಡೆಯುವುದೂ ಅದೇ ಹೊತ್ತಿಗೆ. ಆಮೇಲೆ ಜೂನ್‌ನಿಂದ ಮಳೆ ಹಿಡಿದು ತೋಟದ ಕೆಲಸ ಕಡಿಮೆಯಾದಾಗ ಇಸ್ಪೀಟಿನ ಎಲೆ ಅಥವಾ ಮೊಬೈಲ್ ಕೈಗೆ ಬರುತ್ತದೆ. ಸಂಬಳದವರ ಮನೆಯಲ್ಲಿ ಜೂಜಿಗೆ ಒಂದು ತಿಂಗಳ ಸಂಬಳ ಹೋದರೆ ಮುಂದಿನ ತಿಂಗಳು ಮತ್ತೊಂದು ಬರುತ್ತದೆ, ಆದರೆ ಬೆಳೆಗಾರರ ಮನೆಯಲ್ಲಿ ಮೇ ತಿಂಗಳಲ್ಲಿ ಕಳೆದುಕೊಂಡ ಹಣಕ್ಕೆ ಮುಂದಿನ ಜನವರಿಯವರೆಗೆ ಬದಲಿ ಇರುವುದಿಲ್ಲ.

ಆದ್ದರಿಂದ ಗಂಡನ ಜೂಜಿನ ನಷ್ಟದಿಂದ ಕಂಗೆಟ್ಟ ಹೆಂಡತಿಯೊಬ್ಬಳು ಅವರಿಗೆ ಪತ್ರ ಬರೆಯುವುದಾದರೆ, ಆ ಪತ್ರ ಮುಖ್ಯವಾಗಿ ಅವರ ಸ್ವಭಾವದ ಬಗ್ಗೆ ಇರಬಾರದು. ಬರಲಿರುವ ಕೊಯ್ಲಿನ ಹಣ ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೋಗಬೇಕು ಎಂಬುದರ ಬಗ್ಗೆ ಇರಬೇಕು. ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕೂತು ಇಂಥ ಹಲವು ಮನೆಗಳ ಲೆಕ್ಕ ನೋಡಿದ ಮೇಲೆ ನನಗೆ ಬಂದಿರುವ ಅಭಿಪ್ರಾಯ ಇದು. ಮಾತಿನಲ್ಲಿ ಹೇಳಿದ್ದು ಜಗಳದಲ್ಲಿ ಕರಗಿ ಹೋಗುತ್ತದೆ. ಕಾಗದದ ಮೇಲಿನ ಲೆಕ್ಕವನ್ನು ಅವರು ಒಬ್ಬರೇ ಇರುವಾಗ ಎರಡನೆಯ ಸಲ ಓದಬಹುದು.

ಪತ್ರಕ್ಕೆ ಮುನ್ನ ಒಂದು ಮಾತು. ಹಣದ ವಿಷಯ ಎತ್ತಿದಾಗ ಗಂಡ ಕೈ ಮಾಡುವ ಮನೆಯಾಗಿದ್ದರೆ ಈ ಮಾರ್ಗ ಬೇಡ. ಅಲ್ಲಿ ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ ಮಾತನಾಡಬೇಕು.

ಯಾವಾಗ ಬರೆಯಬೇಕು

ರೋಬಸ್ಟಾ ತೋಟದ ಮನೆಗೆ ಸರಿಯಾದ ಕಾಲವೆಂದರೆ ಹುತ್ತರಿ ಮುಗಿದು ನೆಂಟರೆಲ್ಲ ಹೊರಟುಹೋದ ವಾರ. ಕೊಯ್ಲಿಗೆ ಇನ್ನೂ ಕೆಲವು ವಾರಗಳಿರುತ್ತವೆ, ಹಣ ಇನ್ನೂ ಗಿಡದ ಮೇಲೆಯೇ ಇರುತ್ತದೆ, ಬ್ಯಾಂಕಿಗೆ ಹೋಗಿ ಖಾತೆ ಬದಲಾಯಿಸಲು ಸಮಯವೂ ಇರುತ್ತದೆ. ಅರೇಬಿಕಾ ಬೆಳೆಯುವವರು ಇನ್ನೂ ಮೊದಲೇ, ಕಾವೇರಿ ಸಂಕ್ರಮಣದ ಆಸುಪಾಸಿನಲ್ಲಿಯೇ, ಬರೆದು ಮುಗಿಸಬೇಕು. ದೊಡ್ಡ ಮೊತ್ತ ಕಳೆದುಕೊಂಡು ಮನೆಗೆ ಬಂದ ರಾತ್ರಿ ಬರೆದ ಪತ್ರದಲ್ಲಿ ಯೋಜನೆ ಇರುವುದಿಲ್ಲ, ಸಿಟ್ಟು ಮಾತ್ರ ಇರುತ್ತದೆ. ಗೆದ್ದ ದಿನವಂತೂ ಕೊಡಲೇಬಾರದು, ಏಕೆಂದರೆ ಆ ದಿನ ಅವರಿಗೆ ನಿಮ್ಮ ಲೆಕ್ಕಕ್ಕಿಂತ ತಮ್ಮ ಗೆಲುವೇ ದೊಡ್ಡದಾಗಿ ಕಾಣುತ್ತದೆ.

ಬರೆಯುವ ಮುನ್ನ ಲೆಕ್ಕ ಜೋಡಿಸಿಕೊಳ್ಳುವುದು

ನಿಮಗೆ ಖಚಿತವಾಗಿ ಗೊತ್ತಿರುವುದನ್ನು ಒಂದು ಹಾಳೆಯಲ್ಲಿ, ಅನುಮಾನವಿರುವುದನ್ನು ಇನ್ನೊಂದು ಹಾಳೆಯಲ್ಲಿ ಬರೆದುಕೊಳ್ಳಿ. ಪತ್ರದೊಳಗೆ ಹೋಗಬೇಕಾದದ್ದು ಮೊದಲನೆಯದು ಮಾತ್ರ. ಅನುಮಾನದ ಒಂದೇ ಒಂದು ಮೊತ್ತ ತಪ್ಪಾಗಿದ್ದರೂ ಗಂಡ ಆ ತಪ್ಪನ್ನೇ ಹಿಡಿದು ಉಳಿದ ಒಂಬತ್ತು ಸರಿಯಾದ ಮೊತ್ತಗಳನ್ನು ಪಕ್ಕಕ್ಕೆ ಸರಿಸಿಬಿಡುತ್ತಾರೆ.

ನಿಮ್ಮ ಹೆಸರೂ ಇರುವ ಖಾತೆಯ ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟ್‌ನಿಂದ ಆರಂಭಿಸಿ. ಜೂಜಿನ ಹಣ ಅಲ್ಲಿ ಜೂಜಿನ ಹೆಸರಿನಲ್ಲಿ ಕಾಣಿಸುವುದಿಲ್ಲ. ಬೆಟ್ಟಿಂಗ್ ಜಾಲಗಳು ಸಾಮಾನ್ಯವಾಗಿ ಯಾರ್ಯಾರದೋ ವೈಯಕ್ತಿಕ ಖಾತೆಗಳಿಗೆ ಯುಪಿಐ ಮೂಲಕ ಹಣ ಹಾಕಿಸಿಕೊಳ್ಳುತ್ತವೆ, ಹಾಗಾಗಿ ನಿಮಗೆ ಕಾಣುವುದು ಪರಿಚಯವಿಲ್ಲದ ಬೇರೆ ಬೇರೆ ಹೆಸರುಗಳಿಗೆ ಹೋದ 500, 1,000, 2,000 ರೂಪಾಯಿಗಳ ದುಂಡು ಮೊತ್ತಗಳು. ಒಂದೇ ಸಂಜೆ ಹಲವು ಸಲ ಹೋಗಿರುತ್ತವೆ, ಪ್ರತಿ ಸಲವೂ ಮೊತ್ತ ಹಿಂದಿನದಕ್ಕಿಂತ ದೊಡ್ಡದಾಗಿರುತ್ತದೆ, ನಡುವೆ ಒಂದೆರಡು ಸಣ್ಣ ಮೊತ್ತ ಮರಳಿಯೂ ಬಂದಿರುತ್ತದೆ. ಹೀಗೆ ಮೊತ್ತ ಏರುತ್ತಾ ಹೋಗುವುದು ಕಳೆದದ್ದನ್ನು ಅದೇ ರಾತ್ರಿ ವಾಪಸು ಗೆಲ್ಲಲು ಹೊರಟಿದ್ದರ ಗುರುತು. ಜೂಜಿನ ಚಟವನ್ನು ವೈದ್ಯರು ಗುರುತಿಸುವ ಮುಖ್ಯ ಲಕ್ಷಣಗಳಲ್ಲಿ ಅದೂ ಒಂದು. ಇಸ್ಪೀಟಿನ ಹಣವಾದರೆ ಎಟಿಎಂ ತೆಗೆತಗಳಾಗಿ ಕಾಣುತ್ತದೆ. ಸ್ಟೇಟ್‌ಮೆಂಟಿನಲ್ಲಿ ಹೋದದ್ದನ್ನೂ ಬಂದದ್ದನ್ನೂ ಬೇರೆ ಬೇರೆಯಾಗಿ ಕೂಡಿಸಿ. ಗೆದ್ದದ್ದನ್ನು ಬಿಟ್ಟು ಬರೀ ಕಳೆದದ್ದನ್ನು ಬರೆದರೆ ಲೆಕ್ಕ ಸುಳ್ಳಾಗುತ್ತದೆ.

ಸಾಲಗಳ ಪಟ್ಟಿ ಇದಕ್ಕಿಂತ ಕಷ್ಟ. ನಮ್ಮ ಕಡೆ ಅದು ನಾಲ್ಕು ಕಡೆ ಹರಡಿರುತ್ತದೆ: ಸೊಸೈಟಿಯ ಬೆಳೆಸಾಲ, ಚಿನ್ನದ ಮೇಲಿನ ಸಾಲ, ಗೆಳೆಯರ ಕೈಸಾಲ, ಮತ್ತು ಕಾಫಿ ವ್ಯಾಪಾರಿಯಿಂದ ಬರಲಿರುವ ಫಸಲಿನ ಮೇಲೆ ತಂದ ಅಡ್ವಾನ್ಸ್. ಈ ಕೊನೆಯದು ಯಾವ ಬ್ಯಾಂಕಿನ ಕಾಗದದಲ್ಲೂ ಇರುವುದಿಲ್ಲ. ಮೂಟೆ ತೂಕಕ್ಕೆ ಹೋದ ದಿನ ವ್ಯಾಪಾರಿ ಹಣ ಮುರಿದುಕೊಂಡಾಗಲೇ ಮನೆಗೆ ತಿಳಿಯುವುದು. ಇತ್ತೀಚೆಗೆ ಮೊಬೈಲ್ ಆ್ಯಪ್ ಸಾಲ ಐದನೆಯದಾಗಿ ಸೇರಿಕೊಂಡಿದೆ. ಬ್ಯಾಂಕು ಮತ್ತು ನೋಂದಾಯಿತ ಹಣಕಾಸು ಸಂಸ್ಥೆಗಳ ಸಾಲಗಳನ್ನು ಕ್ರೆಡಿಟ್ ವರದಿಯಲ್ಲಿ ನೋಡಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿಯೊಂದು ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಆದರೆ ಅದನ್ನು ತೆಗೆಯಬೇಕಾದವರು ನಿಮ್ಮ ಗಂಡ. ಅವರು ಮಲಗಿದ್ದಾಗ ಅವರ ಫೋನಿನಲ್ಲಿ ಒಟಿಪಿ ಹಾಕಿ ತೆಗೆಯುವ ಆಸೆ ಬೇಡ. ಪತ್ರದಲ್ಲಿ ಅದನ್ನೊಂದು ಕೋರಿಕೆಯಾಗಿ ಇಡಿ. ಅವರಾಗಿಯೇ ತೆಗೆದು ತೋರಿಸಿದರೆ ಅದು ಒಪ್ಪಂದದ ಮೊದಲ ಹೆಜ್ಜೆಯೂ ಆಗುತ್ತದೆ.

ಪತ್ರದಲ್ಲಿ ಇರಬಾರದ ಮಾತುಗಳು

ಕೊಡಗಿನಲ್ಲಿ ಇಂಥ ಸಂದರ್ಭದಲ್ಲಿ ಮೊದಲು ಬರುವ ಯೋಚನೆ ಆಣೆ. ತಲಕಾವೇರಿಗೆ ಕರೆದೊಯ್ದು ಪ್ರಮಾಣ ಮಾಡಿಸುವುದು, ಇಗ್ಗುತ್ತಪ್ಪನ ಮುಂದೆ ಮಾತು ತೆಗೆದುಕೊಳ್ಳುವುದು. ನಂಬಿಕೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ, ಆಣೆ ಮಾಡಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಆಣೆ ಮುರಿದವರು ಆಡುವುದನ್ನು ನಿಲ್ಲಿಸುವ ಬದಲು ಆಡಿದ್ದನ್ನು ಮುಚ್ಚಿಡುವುದರಲ್ಲಿ ಹೆಚ್ಚು ಜಾಣರಾಗುತ್ತಾರೆ. ನಿಮಗೆ ಬೇಕಾಗಿರುವುದು ನಿಜವಾದ ಲೆಕ್ಕ. ಆಣೆ ಅದಕ್ಕೇ ಅಡ್ಡ ಬರುತ್ತದೆ.

ಜೊತೆಗೆ ಆಡಿದವರ ಹೆಸರುಗಳನ್ನೂ ಬರೆಯಬೇಡಿ. ಕಾಗದ ಯಾರ ಕೈಗೆ ಹೋಗುತ್ತದೆಂದು ಹೇಳಲಾಗದು. ಜೂಜಿನ ಅಡ್ಡೆಯಲ್ಲಿ ಆಡಿದವರಿಗೂ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಶಿಕ್ಷೆ ಇದೆ. ಅತ್ತೆ ಏನೆಂದರು, ಭಾವನವರು ಏನೆಂದರು, ಅಪ್ಪನ ಕಾಲದಲ್ಲಿ ತೋಟ ಹೇಗಿತ್ತು ಎಂಬುದೆಲ್ಲ ಬಂದ ತಕ್ಷಣ ವಿಷಯ ಹಣದಿಂದ ಮಾನಕ್ಕೆ ಜಾರುತ್ತದೆ. ತವರಿಗೆ ಹೋಗುತ್ತೇನೆ ಎಂಬ ಮಾತು, ನಿಜವಾಗಿಯೂ ಹೋಗಲು ನಿರ್ಧರಿಸಿದ್ದರೆ ಹೊರತು, ಬೇಡ.

ಯೋಜನೆಯನ್ನು ಕಟ್ಟುವ ಬಗೆ

ಒಂದು ಮನೆಯನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ವಿರಾಜಪೇಟೆ ಕಡೆಯ ಸಣ್ಣ ರೋಬಸ್ಟಾ ತೋಟ, ನೆರಳು ಮರಗಳಿಗೆ ಹಬ್ಬಿದ ಕರಿಮೆಣಸು. ಕೊಯ್ಲಿನ ಕೂಲಿ ಕಳೆದು ವರ್ಷಕ್ಕೆ 5,40,000 ರೂಪಾಯಿ ಕೈಗೆ ಬರುತ್ತದೆ. ಹೆಂಡತಿ ಹೊಲಿಗೆಯಿಂದ ತಿಂಗಳಿಗೆ 9,000 ದುಡಿಯುತ್ತಾಳೆ. ಹೊರಬಿದ್ದಿರುವ ಸಾಲ: ವ್ಯಾಪಾರಿಯ ಅಡ್ವಾನ್ಸ್ 60,000, ಆ್ಯಪ್ ಸಾಲ 35,000, ಗೆಳೆಯರೊಬ್ಬರ ಕೈಸಾಲ 40,000, ಆಕೆಯ ಸರದ ಮೇಲಿನ ಚಿನ್ನದ ಸಾಲ 1,20,000. ಒಟ್ಟು 2,55,000. ಸೊಸೈಟಿಯ ಬೆಳೆಸಾಲವನ್ನು ಎಂದಿನಂತೆ ಅವಧಿಯೊಳಗೆ ಕಟ್ಟಿ ಹೊಸದಾಗಿ ಪಡೆಯುತ್ತಾರೆಂದು ಇಟ್ಟುಕೊಳ್ಳೋಣ. ಅದನ್ನು ತಪ್ಪಿಸಿದರೆ ಬಡ್ಡಿಯಿಲ್ಲದ ಸಾಲದ ಅನುಕೂಲ ಕೈತಪ್ಪುತ್ತದೆ, ಆದ್ದರಿಂದ ಅದನ್ನು ಮುಟ್ಟುವುದು ಬೇಡ.

ಮೊದಲು ತೋಟದ ಪಾಲು ತೆಗೆದಿಡಬೇಕು. ಗೊಬ್ಬರ, ಸುಣ್ಣ, ಬೋರ್ಡೋ ಸಿಂಪಡಣೆ, ಕಳೆ, ಮರ ಕಪಾತು, ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಓಡಿಸಲು ಡೀಸೆಲ್, ಎಲ್ಲ ಸೇರಿ ಈ ಮನೆಗೆ 1,50,000. ಸಾಲ ಬೇಗ ತೀರಿಸುವ ಹುಮ್ಮಸ್ಸಿನಲ್ಲಿ ಇದನ್ನು ಕಡಿತ ಮಾಡುವವರಿದ್ದಾರೆ. ಮುಂದಿನ ವರ್ಷದ ಫಸಲು ಕಡಿಮೆಯಾದಾಗ ಸಾಲ ಮತ್ತೆ ಹುಟ್ಟುತ್ತದೆ. ಮಗಳ ಕಾಲೇಜಿಗೆ 60,000. ಮನೆಯ ಖರ್ಚಿಗೆ ತಿಂಗಳಿಗೆ 15,000ದಂತೆ 1,80,000. ಇಷ್ಟು ತೆಗೆದರೆ ಸಾಲಕ್ಕೆ ಉಳಿಯುವುದು 1,50,000.

ಅದರಲ್ಲಿ ವ್ಯಾಪಾರಿಯ 60,000 ಹೇಗೂ ತೂಕದ ದಿನವೇ ಮುರಿದುಹೋಗುತ್ತದೆ. ಉಳಿದ 90,000ದಲ್ಲಿ ಆ್ಯಪ್ ಸಾಲದ 35,000 ಮೊದಲು ತೀರಬೇಕು, ಏಕೆಂದರೆ ಅದರ ಬಡ್ಡಿಯೇ ಎಲ್ಲಕ್ಕಿಂತ ಹೆಚ್ಚು. ಚಿನ್ನದ ಸಾಲಕ್ಕೆ ಈ ವರ್ಷ ಬಡ್ಡಿ ಮಾತ್ರ, ಸುಮಾರು 11,000. ಹಾಗೆ ಬಡ್ಡಿ ಕಟ್ಟಿ ನವೀಕರಿಸಲು ಆಗುತ್ತದೆಯೇ ಎಂಬುದನ್ನು ಸಾಲ ಪಡೆದ ಶಾಖೆಯಲ್ಲಿ ಮೊದಲೇ ಕೇಳಿಕೊಳ್ಳಬೇಕು. ಗೆಳೆಯರಿಗೆ 24,000. ಕೊನೆಗೆ 20,000 ಆಪತ್ತಿಗೆಂದು ಉಳಿಯುತ್ತದೆ. ಎರಡನೆಯ ಕೊಯ್ಲಿನಲ್ಲಿ ಗೆಳೆಯರ ಬಾಕಿ 16,000 ತೀರಿ, ಉಳಿದ ಹಣ ಸರ ಬಿಡಿಸಲು ಹೋಗುತ್ತದೆ. ಅಂದರೆ ಈ ಸಾಲಕ್ಕೆ ಎರಡು ಕೊಯ್ಲು ಬೇಕು. ಒಂದೇ ವರ್ಷದಲ್ಲಿ ತೀರಿಸುವ ಯೋಜನೆ ಬರೆದರೆ ಅದು ಮಳೆಗಾಲದಲ್ಲೇ ಮುರಿದು ಬೀಳುತ್ತದೆ, ಆಗ ‘ಒಂದೇ ಒಂದು ಕೈ ಆಡಿ ಸರಿಮಾಡುತ್ತೇನೆ’ ಎಂಬ ಮಾತಿಗೆ ಜಾಗ ಸಿಗುತ್ತದೆ.

ಹೆಂಡತಿಯ 9,000ದಲ್ಲಿ 6,000 ಮನೆಖರ್ಚಿಗೆ ಸೇರಲಿ, 3,000 ಆಕೆಯ ಖಾತೆಯಲ್ಲೇ ಉಳಿಯಲಿ. ಜೂಜಿನ ಸಾಲಕ್ಕೆ ಆಕೆಯ ದುಡಿಮೆ ಹೋಗಬಾರದು. ಮಹಿಳಾ ಸ್ವಸಹಾಯ ಸಂಘದಿಂದ ಸಾಲ ತಂದು ಗಂಡನ ಸಾಲ ತೀರಿಸುವುದಂತೂ ನಾನು ಕಂಡಿರುವ ಕೆಟ್ಟ ಪರಿಹಾರಗಳಲ್ಲಿ ಒಂದು. ಕಂತು ತಪ್ಪಿದಾಗ ಅದರ ಹೊರೆ ಸಂಘದ ಉಳಿದ ಹೆಂಗಸರ ಮೇಲೆ ಬೀಳುತ್ತದೆ, ಗಂಡನಿಗೆ ಮಾತ್ರ ಹಳೆಯ ಸಾಲ ತೀರಿ ಹೊಸದಾಗಿ ಸಾಲ ಸಿಗುತ್ತದೆ.

ಇನ್ನು ಖಾತೆಗಳು. ಕೊಯ್ಲಿನ ಹಣ ಬರಬೇಕಾದದ್ದು ಇಬ್ಬರ ಹೆಸರಿನ ಹೊಸ ಖಾತೆಗೆ, ಮತ್ತು ಅದರ ವ್ಯವಹಾರ ‘ಇಬ್ಬರೂ ಸೇರಿ’ ಎಂದಿರಬೇಕು. ಜಂಟಿ ಖಾತೆ ಎಂದರೆ ಬ್ಯಾಂಕಿನವರು ಸಾಮಾನ್ಯವಾಗಿ ‘ಇಬ್ಬರಲ್ಲಿ ಯಾರಾದರೊಬ್ಬರು’ ಎಂಬ ಬಗೆಯನ್ನೇ ತೆರೆದುಕೊಡುತ್ತಾರೆ. ಅದರಿಂದ ಏನೂ ಬದಲಾಗುವುದಿಲ್ಲ, ಗಂಡ ಒಬ್ಬರೇ ಪೂರ್ತಿ ಹಣ ತೆಗೆಯಬಹುದು. ಅರ್ಜಿಯಲ್ಲಿ ಆ ಒಂದು ಚೌಕಕ್ಕೆ ಗುರುತು ಹಾಕುವಾಗ ನೀವೇ ಕಣ್ಣಿಟ್ಟು ನೋಡಿ. ಇಬ್ಬರ ಸಹಿ ಬೇಕಾದ ಖಾತೆಗೆ ಸಾಮಾನ್ಯವಾಗಿ ಎಟಿಎಂ ಕಾರ್ಡಾಗಲಿ ಯುಪಿಐ ಆಗಲಿ ಸಿಗುವುದಿಲ್ಲ. ಪ್ರತಿ ಸಲ ಇಬ್ಬರೂ ಸಹಿ ಹಾಕಿದ ಚೆಕ್ ಬೇಕೆಂಬ ಆ ತೊಂದರೆಯೇ ಇಲ್ಲಿ ನಮಗೆ ಬೇಕಾದ ರಕ್ಷಣೆ.

ಆ ಖಾತೆಯಿಂದ ತಿಂಗಳ ಮೊದಲ ದಿನ 15,000 ಮನೆಯ ಖಾತೆಗೆ ತಾನಾಗಿಯೇ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಡಬಹುದು. ದೊಡ್ಡ ಮೊತ್ತಗಳನ್ನು ಬೇರೆ ಬೇರೆ ಠೇವಣಿಗಳಾಗಿ ಇಡಬೇಕು: ಒಂದು ಕಾಲೇಜು ಶುಲ್ಕ ಮತ್ತು ಮುಂಗಾರಿನ ಗೊಬ್ಬರಕ್ಕೆ ಮೇ ಕೊನೆಯಲ್ಲಿ, ಇನ್ನೊಂದು ಮಳೆ ನಿಂತ ಮೇಲಿನ ಗೊಬ್ಬರಕ್ಕೆ ಸೆಪ್ಟೆಂಬರ್‌ನಲ್ಲಿ, ಮತ್ತೊಂದು ಕೊಯ್ಲಿನ ಸಿದ್ಧತೆಗೆ ಡಿಸೆಂಬರ್‌ನಲ್ಲಿ ಅವಧಿ ಮುಗಿಯುವಂತೆ. ಠೇವಣಿಯೂ ‘ಇಬ್ಬರೂ ಸೇರಿ’ ಎಂದೇ ಇರಲಿ. ನಡುವೆ ಮುರಿಸಲು ಇಬ್ಬರ ಸಹಿಯೂ ಬೇಕಾಗುತ್ತದೆ.

ಗಂಡನ ಕೈಯಲ್ಲಿ ಬಿಡಿ ಹಣವೇ ಇಲ್ಲದಂತೆ ಮಾಡುವ ಯೋಜನೆ ನಡೆಯುವುದಿಲ್ಲ. ಮನೆಯ 15,000ದಲ್ಲಿಯೇ 3,000 ಅವರ ಸ್ವಂತ ಖಾತೆಗೆ ಹೋಗಲಿ, ಅದರ ಲೆಕ್ಕ ಯಾರೂ ಕೇಳಬಾರದು. ಹೆಂಡತಿಗೂ ಅಷ್ಟೇ ಮೊತ್ತ ಉಳಿಯುತ್ತದಾದ್ದರಿಂದ ಇದು ಶಿಕ್ಷೆಯಂತೆ ಕಾಣುವುದಿಲ್ಲ. ಆ ಖಾತೆಯ ಯುಪಿಐ ಮತ್ತು ಎಟಿಎಂ ಮಿತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಶಾಖೆಯಲ್ಲಿ ಕಡಿಮೆ ಮಾಡಿಸಬಹುದು, ಹಳೆಯ ಆಟೋಪೇ ಅನುಮತಿಗಳನ್ನು ರದ್ದು ಮಾಡಬಹುದು.

ಇಷ್ಟೆಲ್ಲ ಮಾಡಿದರೂ ಸೋರುವ ಜಾಗ ಒಂದಿದೆ: ಕರಿಮೆಣಸು. ಕಾಫಿಯ ಮೂಟೆಗಳು ಲಾರಿಯಲ್ಲಿ ಹೋಗುತ್ತವೆ, ಎಲ್ಲರಿಗೂ ಕಾಣುತ್ತದೆ. ಒಣಗಿಸಿ ಸ್ಟೋರಿನಲ್ಲಿ ಕಟ್ಟಿಟ್ಟ ಮೆಣಸಿನಲ್ಲಿ ಹತ್ತು ಕಿಲೋ ತೆಗೆದು ಸ್ಕೂಟರಿನ ಕಾಲಿನ ಬಳಿ ಇಟ್ಟುಕೊಂಡು ಗೋಣಿಕೊಪ್ಪಕ್ಕೆ ಹೋದರೆ ಸಂಜೆಗೆ ನಗದು ಸಿಗುತ್ತದೆ. ಅದಕ್ಕೆ ಕಣದಿಂದ ಎತ್ತಿದ ದಿನವೇ ಚೀಲಗಳನ್ನು ಇಬ್ಬರೂ ತೂಗಿ, ಚೀಲದ ಬಾಯಿ ಹೊಲಿದು, ತೂಕವನ್ನು ಪುಸ್ತಕದಲ್ಲಿ ಬರೆದು, ಕೀಲಿಯನ್ನು ನೀವು ಇಟ್ಟುಕೊಳ್ಳುವುದು ಒಳ್ಳೆಯದು. ಆ ಸ್ಟೋರಿನಲ್ಲಿ ಕೀಟನಾಶಕವೂ ಇರುತ್ತದಾದ್ದರಿಂದ ಕೀಲಿಗೆ ಇನ್ನೊಂದು ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮಾದರಿ ಪತ್ರ

ಮೇಲಿನ ಲೆಕ್ಕವನ್ನೇ ಇಟ್ಟುಕೊಂಡು ಬರೆದ ಪತ್ರ ಹೀಗಿರಬಹುದು. ಎರಡು ಪುಟ ಮೀರಬಾರದು. ಲೆಕ್ಕದ ಹಾಳೆ ಬೇರೆಯಾಗಿ ಜೊತೆಗಿರಲಿ.

‘ಪ್ರೀತಿಯ ನಿಮಗೆ,

ಎದುರು ಕೂತು ಹೇಳಲು ಹೊರಟರೆ ಇಬ್ಬರಿಗೂ ಸಿಟ್ಟು ಬರುತ್ತದೆಂದು ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದಿ; ಉತ್ತರವನ್ನು ಇವತ್ತೇ ಕೊಡಬೇಕೆಂದಿಲ್ಲ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಾತನಾಡೋಣ.

ನಮ್ಮ ಖಾತೆಯ ಸ್ಟೇಟ್‌ಮೆಂಟ್ ನೋಡಿದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಆಟಕ್ಕೆ ಹೋಗಿರುವುದು 1,86,000, ವಾಪಸು ಬಂದಿರುವುದು 42,000. ನನ್ನ ಸರ ಬ್ಯಾಂಕಿನಲ್ಲಿದೆ ಎಂಬುದು ನೋಟಿಸು ಬಂದಾಗ ತಿಳಿಯಿತು. ಅದನ್ನು ನನ್ನ ಅಮ್ಮ ಕೊಟ್ಟದ್ದು ಎಂದು ನಿಮಗೆ ನೆನಪಿಸಬೇಕಾಗಿಲ್ಲ. ಅದಕ್ಕಿಂತ ನನಗೆ ಹೆಚ್ಚು ನೋವಾಗಿರುವುದು ನೀವು ಒಬ್ಬರೇ ಈ ಭಾರ ಹೊತ್ತು ತಿರುಗುತ್ತಿದ್ದೀರಿ ಎಂಬುದಕ್ಕೆ. ರಾತ್ರಿ ಎದ್ದು ಜಗಲಿಯಲ್ಲಿ ಕೂರುವುದನ್ನು ನಾನು ನೋಡಿದ್ದೇನೆ.

ನಿಮ್ಮಿಂದ ಆಣೆ ಕೇಳುವುದಿಲ್ಲ. ಮೂರು ವಿಷಯ ಕೇಳುತ್ತೇನೆ. ಎಲ್ಲ ಸಾಲವನ್ನೂ, ನನಗೆ ಗೊತ್ತಿಲ್ಲದಿರುವುದನ್ನೂ ಸೇರಿಸಿ, ಜೊತೆಗಿರುವ ಹಾಳೆಯಲ್ಲಿ ನಿಮ್ಮ ಕೈಯಾರೆ ಬರೆಯಿರಿ. ಕ್ರೆಡಿಟ್ ವರದಿಯನ್ನೂ ತೆಗೆಯಿರಿ. ಪಟ್ಟಿ ಎಷ್ಟು ದೊಡ್ಡದಿದ್ದರೂ ನಾನು ಆ ದಿನ ಕೂಗಾಡುವುದಿಲ್ಲ. ಈ ಸಲದ ಕಾಫಿ ಮತ್ತು ಮೆಣಸಿನ ಹಣ ಇಬ್ಬರೂ ಸಹಿ ಹಾಕಿದರೆ ಮಾತ್ರ ಹೊರಬರುವ ಖಾತೆಗೆ ಬರಲಿ. ವ್ಯಾಪಾರಿಗೆ ಇಬ್ಬರೂ ಹೋಗಿ ಖಾತೆಯ ಸಂಖ್ಯೆ ಕೊಟ್ಟು, ಇನ್ನು ಮುಂದೆ ಅಡ್ವಾನ್ಸ್ ಬೇಡವೆಂದು ಹೇಳಿ ಬರೋಣ. ಮೂರನೆಯದಾಗಿ, ಒಂದು ಸಲ ವೈದ್ಯರನ್ನು ಕಾಣಿರಿ. ನಾನೂ ಜೊತೆಗೆ ಬರುತ್ತೇನೆ, ಬೇಡವೆಂದರೆ ಹೊರಗೆ ಕೂತಿರುತ್ತೇನೆ.

ಲೆಕ್ಕ ಹಾಕಿ ನೋಡಿದೆ. ತೋಟಕ್ಕೂ ಮಗಳ ಓದಿಗೂ ಕೈ ಹಾಕದೆ ಎರಡು ಕೊಯ್ಲಿನಲ್ಲಿ ಹೆಚ್ಚಿನ ಸಾಲ ತೀರುತ್ತದೆ. ತಿಂಗಳಿಗೆ 3,000 ನಿಮ್ಮದು, ಅದರ ಬಗ್ಗೆ ನಾನು ಕೇಳುವುದಿಲ್ಲ. ನನ್ನ ಹೊಲಿಗೆಯ ಹಣದಿಂದ ಮನೆಖರ್ಚಿಗೆ 6,000 ಕೊಡುತ್ತೇನೆ, ಸಾಲಕ್ಕೆ ಕೊಡುವುದಿಲ್ಲ. ಹೊಸ ಸಾಲಕ್ಕೆ ಸಹಿಯನ್ನೂ ಹಾಕುವುದಿಲ್ಲ. ನಡುವೆ ಮತ್ತೆ ಆಡಿದರೆ ಮರುದಿನ ಬೆಳಗ್ಗೆಯೊಳಗೆ ನನಗೆ ಹೇಳಿ. ಹೇಳಿದ್ದಕ್ಕೆ ಜಗಳವಾಗುವುದಿಲ್ಲ, ಯೋಜನೆ ಮಾತ್ರ ಬಿಗಿಯಾಗುತ್ತದೆ.

ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ. ಇದನ್ನು ಮಾವನವರಿಗಾಗಲಿ ನನ್ನ ಅಣ್ಣನಿಗಾಗಲಿ ನಾನು ಹೇಳಿಲ್ಲ.

ನಿಮ್ಮವಳು’

ಪತ್ರದ ಕೊನೆಯ ಸಾಲಿಗೆ ಕಾರಣವಿದೆ. ವಿಷಯ ಇನ್ನೂ ಮನೆಯೊಳಗಿದೆ ಎಂದು ಗೊತ್ತಾದರೆ ಒಪ್ಪಿಕೊಳ್ಳುವುದು ಸುಲಭ. ಆದರೆ ಅದು ನಿಜವಾಗಿದ್ದರೆ ಮಾತ್ರ ಬರೆಯಿರಿ. ಮುಂದೆ ಎಂದೂ ಯಾರಿಗೂ ಹೇಳುವುದಿಲ್ಲ ಎಂಬ ಮಾತನ್ನು ಕೊಡಬೇಡಿ. ಅದರಿಂದ ನಿಮ್ಮ ಕೈಯನ್ನೇ ಕಟ್ಟಿಕೊಂಡಂತಾಗುತ್ತದೆ.

ಕೊಟ್ಟ ಮೇಲೆ

ಪತ್ರವನ್ನು ಕೈಗೆ ಕೊಟ್ಟು ಹೊರಗೆ ಹೋಗಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ಅದು ಫೋಟೋ ಆಗಿ ಹರಿದಾಡಬಹುದು. ಭಾನುವಾರದ ಮಾತುಕತೆಯಲ್ಲಿ ಎದುರಾಗುವ ಉತ್ತರಗಳಲ್ಲಿ ಎರಡಕ್ಕೆ ಮೊದಲೇ ಸಿದ್ಧವಿರಬೇಕು. ಒಂದು, ‘ತೋಟ ನಮ್ಮ ಮನೆತನದ್ದು, ಲೆಕ್ಕ ಕೇಳಲು ನೀನು ಯಾರು?’ ಎಂಬುದು. ತೋಟದ ಹಕ್ಕಿನ ಬಗ್ಗೆ ವಾದಕ್ಕಿಳಿಯದೆ, ಮನೆ ನಡೆಸುವ ಹಣದ ಬಗ್ಗೆ ಮಾತ್ರ ಮಾತನಾಡುತ್ತಿದ್ದೇನೆ ಎಂದು ಹಾಳೆಗೆ ಮರಳಬೇಕು. ಇನ್ನೊಂದು, ‘ಬೆಟ್ಟಿಂಗ್ ಏಜೆಂಟರಿಗೆ ಹಣ ಕೊಡದಿದ್ದರೆ ಬಿಡುವುದಿಲ್ಲ’ ಎಂಬ ಭಯ. ಇದಕ್ಕೆ ಕಾನೂನಿನ ಉತ್ತರವಿದೆ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದ ಒಪ್ಪಂದ ಅಸಿಂಧು. ಪಣದಲ್ಲಿ ಗೆದ್ದದ್ದನ್ನು ವಸೂಲು ಮಾಡಲು ಯಾರೂ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೂ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಅದರಲ್ಲಿ ಶಿಕ್ಷೆ ಇರುವುದು ಆಟ ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ, ಆಡಿ ಕಳೆದುಕೊಂಡವರಿಗಲ್ಲ. ಏಜೆಂಟ್ ಬೆದರಿಸಿದರೆ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಪೊಲೀಸರ ಬಳಿ ಹೋಗಬಹುದು. ಗೆಳೆಯರು ಕೊಟ್ಟ ಕೈಸಾಲ, ಬ್ಯಾಂಕಿನ ಸಾಲ ಮಾತ್ರ ಬೇರೆ. ಆ ಹಣ ಯಾವುದಕ್ಕೆ ಖರ್ಚಾಗಿದ್ದರೂ ಸಾಲ ಸಾಲವೇ.

ಸಾಲದ ಪಟ್ಟಿ ಮೊದಲ ಸಲ ಪೂರ್ತಿಯಾಗಿ ಬರುವುದು ಅಪರೂಪ. ಎರಡು ವಾರ ಕಳೆದ ಮೇಲೆ ‘ಇನ್ನೊಂದಿದೆ’ ಎಂದು ಹೇಳಿದರೆ ಅದನ್ನು ಸುಳ್ಳು ಹೊರಬಿತ್ತೆಂದು ತಿಳಿಯದೆ ಪಟ್ಟಿಗೆ ಸೇರಿಸಿ. ಆಪತ್ತಿನ 20,000 ಇರುವುದು ಇದಕ್ಕಾಗಿಯೂ ಹೌದು.

ಚಿಕಿತ್ಸೆಯ ವಿಷಯದಲ್ಲಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದು ಉಚಿತ, ದಿನದ ಎಲ್ಲ ಹೊತ್ತಿನಲ್ಲೂ ಸಿಗುತ್ತದೆ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಗಂಡ ಬರಲು ಒಪ್ಪದಿದ್ದರೆ ಮೊದಲ ಕರೆಯನ್ನು ನೀವೇ ಮಾಡಬಹುದು. ದೊಡ್ಡ ಮೊತ್ತ ಕಳೆದುಕೊಂಡವರು ‘ನಾನಿಲ್ಲದಿದ್ದರೆ ಎಲ್ಲ ಸರಿಹೋಗುತ್ತದೆ’ ಎಂಬ ಧಾಟಿಯಲ್ಲಿ ಮಾತನಾಡಿದರೆ ಅದನ್ನು ಸಿಟ್ಟಿನ ಮಾತೆಂದು ಬಿಡಬೇಡಿ. ಅವರನ್ನು ಒಬ್ಬರೇ ಬಿಡದೆ, ಆ ಕ್ಷಣವೇ ಕರೆ ಮಾಡಿ. ಸ್ಟೋರಿನ ಕೀಲಿ ನಿಮ್ಮ ಬಳಿ ಇರಬೇಕೆಂದು ಹೇಳಿದ್ದರ ಇನ್ನೊಂದು ಕಾರಣ ಇದು.

ಯೋಜನೆ ಸಡಿಲವಾಗುತ್ತಿದೆ ಎಂಬುದು ಮಾತಿಗಿಂತ ಮೊದಲು ವಸ್ತುಗಳಲ್ಲಿ ಗೊತ್ತಾಗುತ್ತದೆ. ಬರೆದಿಟ್ಟ ತೂಕಕ್ಕೂ ಮೆಣಸಿನ ಚೀಲಕ್ಕೂ ತಾಳೆಯಾಗುವುದಿಲ್ಲ. ತಂದ ಗೊಬ್ಬರದ ಚೀಲಗಳು ಬಿಲ್ಲಿನಲ್ಲಿರುವುದಕ್ಕಿಂತ ಕಡಿಮೆ ಇರುತ್ತವೆ. ಕೆಲಸದವರು ಕೂಲಿ ಬಾಕಿ ಇದೆಯೆಂದು ನಿಮ್ಮನ್ನು ಕೇಳುತ್ತಾರೆ. ಎರಡನೆಯ ಸಿಮ್ ಕಾಣಿಸಿಕೊಳ್ಳುತ್ತದೆ. ತಿಂಗಳಿಗೊಮ್ಮೆ, ಮನೆಯ ಖಾತೆಗೆ 15,000 ಬಂದ ದಿನ, ಅರ್ಧ ಗಂಟೆ ಕೂತು ಇವನ್ನೆಲ್ಲ ನೋಡಿದರೆ ಸಾಕು. ದಿನವೂ ಫೋನ್ ತಪಾಸಣೆ ಮಾಡುವುದು ಬೇಡ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಮಾರ್ಚ್‌ನಿಂದ ಮೇವರೆಗೆ, ಹಣವೂ ಪಂದ್ಯವೂ ಒಟ್ಟಿಗೆ ಇರುವ ತಿಂಗಳುಗಳಲ್ಲಿ.

ಒಪ್ಪದಿದ್ದರೆ

ಕೆಲವರು ಪತ್ರ ಓದಿ ಹರಿದು ಹಾಕುತ್ತಾರೆ. ಹಾಗಾದರೂ ನೀವು ಒಬ್ಬರೇ ಮಾಡಬಹುದಾದ ಕೆಲಸಗಳಿವೆ. ಉಳಿದ ಚಿನ್ನವನ್ನು ನಿಮ್ಮೊಬ್ಬರ ಹೆಸರಿನ ಲಾಕರಿಗೆ ಸೇರಿಸಿ. ನಿಮ್ಮ ದುಡಿಮೆಯ ಖಾತೆಯಲ್ಲಿ ಇನ್ನೊಬ್ಬರ ಹೆಸರಿದ್ದರೆ ಹೊಸ ಖಾತೆ ತೆರೆಯಿರಿ. ಸಹಸಾಲಗಾರಳಾಗಿಯಾಗಲಿ, ಸೊಸೈಟಿಯಲ್ಲಿ ಜಾಮೀನುದಾರಳಾಗಿಯಾಗಲಿ ಸಹಿ ಹಾಕಬೇಡಿ, ಖಾಲಿ ಚೆಕ್ಕಿಗಂತೂ ಎಂದಿಗೂ ಇಲ್ಲ. ನಿಮ್ಮ ಒಡವೆಯನ್ನು ಕೇಳದೆ ಅಡವಿಡುವುದು, ಮನೆ ನಡೆಸುವ ಹಣವನ್ನು ಕೊಡದಿರುವುದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯದ ವ್ಯಾಪ್ತಿಗೆ ಬರುತ್ತವೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಅದಕ್ಕೆ 15100ಕ್ಕೆ ಕರೆ ಮಾಡಬಹುದು, ಇಲ್ಲವೇ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರವಾಗಿ ಹೋಗಬಹುದು. ಹೋಗುವಾಗ ಪತ್ರದ ಪ್ರತಿ, ಸ್ಟೇಟ್‌ಮೆಂಟ್ ಮತ್ತು ಚಿನ್ನದ ಸಾಲದ ನೋಟಿಸು ಜೊತೆಗಿರಲಿ. ಪತ್ರ ಕೊಡುವ ಮುನ್ನವೇ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಬೇಕಾದದ್ದು ಇದಕ್ಕಾಗಿ.